ಮಲ್ಲಿಗೆ ಮಾಲೆಗೆ ‘24 ಗಂಟೆ ತಾಜಾ’ ಎಂದು ಬರೆಯಬಹುದೇ?

ಪ್ರಶ್ನೆ: ಮೈಸೂರಿನಲ್ಲಿ ಮನೆಯಿಂದಲೇ ಹೂವಿನ ಮಾಲೆ ಮಾರುತ್ತೇನೆ. ಬೆಳಿಗ್ಗೆ 6ಕ್ಕೆ ಮಾರುಕಟ್ಟೆಯಿಂದ ಮೊಗ್ಗು ತಂದು ನಾನೂ ಅತ್ತೆಯೂ ಕಟ್ಟುತ್ತೇವೆ. ಒಬ್ಬೊಬ್ಬರಿಗೆ ಗಂಟೆಗೆ 3 ಮಾರು ಆಗುತ್ತದೆ. ಆನ್‌ಲೈನ್ ಪುಟದಲ್ಲಿ ‘ಅದೇ ದಿನ ಡೆಲಿವರಿ, 24 ಗಂಟೆ ತಾಜಾ ಗ್ಯಾರಂಟಿ, ಹೂವು ವಾಪಸ್ ಇಲ್ಲ’ ಎಂದು ಹಾಕಿದ್ದೇನೆ. ಮೊನ್ನೆ ಬೆಳಿಗ್ಗೆ 11ಕ್ಕೆ ತಲುಪಿಸಿದ ಮಲ್ಲಿಗೆ ಮಾಲೆ ರಾತ್ರಿ 9ಕ್ಕೆ ಕಂದಿತ್ತು ಎಂದು ಒಬ್ಬರು ಫೋಟೊ ಕಳಿಸಿದರು. ಅವರು ಫ್ರಿಜ್‌ನಲ್ಲೇ ಇಟ್ಟಿದ್ದರಂತೆ. ನಾನೂ ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಯೇ ಕಳಿಸಿದ್ದೆ. ತಪ್ಪು ಯಾರದು? ಪುಟದಲ್ಲಿ ಏನು ಬರೆಯಲಿ, ಆರ್ಡರ್ ಎಷ್ಟು ಗಂಟೆಗೆ ನಿಲ್ಲಿಸಲಿ? ಹಣ ವಾಪಸ್ ಕೊಡಲೇಬೇಕಾ?

ಉತ್ತರ: ಮೊದಲು ಆ ‘24 ಗಂಟೆ’ಯನ್ನು ತೆಗೆಯಿರಿ, ಉಳಿದದ್ದು ಆಮೇಲೆ ನೋಡೋಣ. ಹೂವಿನ ವ್ಯಾಪಾರದಲ್ಲಿ ಬಹಳ ವರ್ಷ ಇದ್ದವನು ನಾನು. ದುಂಡು ಮಲ್ಲಿಗೆಗೆ ಅಂಥ ಮಾತು ಕೊಟ್ಟು ಉಳಿಸಿಕೊಂಡವರನ್ನು ನೋಡಿಲ್ಲ. ನೀವು ಕೆಟ್ಟ ಹೂವು ಕೊಟ್ಟಿರಿ ಎಂದಲ್ಲ. ಮಲ್ಲಿಗೆಯ ಗಡಿಯಾರ ನಿಮ್ಮ ಡೆಲಿವರಿ ಹುಡುಗ ಬಾಗಿಲು ತಟ್ಟಿದಾಗ ಶುರುವಾಗುವುದಿಲ್ಲ. ಗಿಡದಿಂದ ಕಿತ್ತಾಗಲೇ ಶುರುವಾಗಿರುತ್ತದೆ.

ಮಲ್ಲಿಗೆಯ ಒಂದು ದಿನ ಹೇಗಿರುತ್ತದೆ ನೋಡಿ. ಬೆಳಕು ಹರಿಯುವ ಹೊತ್ತಿಗೆ, ಅಥವಾ ಅದಕ್ಕೂ ಮುಂಚೆ, ಅಂದು ಸಂಜೆ ಬಿರಿಯಬೇಕಾದ ಮೊಗ್ಗನ್ನು ಆರಿಸಿ ಕೀಳುತ್ತಾರೆ. ಬೆಳಿಗ್ಗೆ ಅದು ಬಿಗಿಯಾದ ಬಿಳಿ ಮೊಗ್ಗು. ಮಧ್ಯಾಹ್ನ ಸ್ವಲ್ಪ ಊದಿಕೊಳ್ಳುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಬಿರಿಯಲು ಶುರುವಾಗಿ, ರಾತ್ರಿ ಪೂರ್ತಿ ಅರಳುತ್ತದೆ. ಘಮ ಜಾಸ್ತಿ ಬರುವುದೂ ಆಗಲೇ. ಮಾರನೆಯ ದಿನ ಬೆಳಿಗ್ಗೆ ಎಸಳಿನ ಅಂಚು ಕಂದಿ, ಮಧ್ಯಾಹ್ನದ ಹೊತ್ತಿಗೆ ತೊಟ್ಟಿನಿಂದ ಉದುರಲು ತೊಡಗುತ್ತದೆ. ಗಿಡದಲ್ಲೇ ಬಿಟ್ಟರೂ ಹೆಚ್ಚು ಕಡಿಮೆ ಇದೇ ಕಥೆ. ಅಂದರೆ ಅದರ ಚೆಂದದ ಹೊತ್ತು ಒಂದೇ ಒಂದು ರಾತ್ರಿ. ನೀವು ಮಾರುತ್ತಿರುವುದು ಆ ರಾತ್ರಿಯನ್ನು. ಬೆಳಿಗ್ಗೆ 11ಕ್ಕೆ ಕೊಟ್ಟ ಮಾಲೆಗೆ 24 ಗಂಟೆ ಎಂದರೆ ಮಾರನೆಯ ದಿನ 11ರವರೆಗೆ ಎಂದು ಮಾತು ಕೊಟ್ಟ ಹಾಗಾಯಿತು. ಹೂವು ಆ ಮಾತಿಗೆ ಒಪ್ಪಿರಲಿಲ್ಲ, ಅಲ್ವಾ?

ಆದರೂ ರಾತ್ರಿ 9ಕ್ಕೇ ಕಂದಿದ್ದು ಬೇಗವಾಯಿತು. ಬಿರಿದು ನಗುತ್ತಿರಬೇಕಾದ ಹೊತ್ತು ಅದು. ನಿಮ್ಮ ಪತ್ರದಲ್ಲೇ ಅದರ ಕಾರಣಗಳಿವೆ: ನೀರು, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್, ಫ್ರಿಜ್. ಮೂರನ್ನೂ ಎಲ್ಲರೂ ಹೂವಿಗೆ ಒಳ್ಳೆಯದೆಂದೇ ಮಾಡುತ್ತಾರೆ.

ನೀರಿನ ವಿಷಯ. ಹೂದಾನಿಯಲ್ಲಿಟ್ಟ ಗುಲಾಬಿಗೆ ಉದ್ದ ಕಾಂಡ ಇರುತ್ತದೆ, ಅದು ನೀರು ಹೀರಿಕೊಳ್ಳುತ್ತದೆ. ಮಾಲೆಯ ಮಲ್ಲಿಗೆಗೆ ಇರುವುದು ಚಿಕ್ಕ ತೊಟ್ಟು, ಅದನ್ನೂ ದಾರದಿಂದ ಬಿಗಿದಿರುತ್ತೇವೆ. ಮೇಲೆ ಚಿಮುಕಿಸಿದ ನೀರನ್ನು ಅದು ಕುಡಿಯುವುದಿಲ್ಲ. ಗಾಳಿಯಾಡುವ ಕಡೆ ಸ್ವಲ್ಪ ತೇವ ಇದ್ದರೆ ಒಣಗುವುದು ನಿಧಾನವಾಗುತ್ತದೆ, ಅಷ್ಟು ಉಪಯೋಗ ನಿಜ. ಆದರೆ ಎಸಳುಗಳ ಸಂದಿಯಲ್ಲಿ ನೀರು ನಿಂತು, ಮೇಲೆ ಪ್ಲಾಸ್ಟಿಕ್ ಗಂಟು ಬಿದ್ದರೆ ಅಲ್ಲೇ ಕೊಳೆಯಲು ಶುರು.

ಪ್ಲಾಸ್ಟಿಕ್ ಇನ್ನೂ ಕೆಟ್ಟದ್ದು. ಕಿತ್ತ ಮೇಲೂ ಹೂವು ಉಸಿರಾಡುತ್ತಿರುತ್ತದೆ, ಉಸಿರಾಡಿದಷ್ಟೂ ಬಿಸಿ ಹೊರಬರುತ್ತದೆ. ನಂಬಿಕೆ ಬರದಿದ್ದರೆ ಮಾರುಕಟ್ಟೆಯಲ್ಲಿ ಮೊಗ್ಗಿನ ರಾಶಿಯೊಳಗೆ ಕೈ ತೂರಿಸಿ ನೋಡಿ, ಮೇಲಿಗಿಂತ ಒಳಗೆ ಬೆಚ್ಚಗಿರುತ್ತದೆ. ಆ ಬಿಸಿ ಹೊರಹೋಗಲು ದಾರಿ ಇಲ್ಲದಿದ್ದರೆ ಹೂವು ಇನ್ನೂ ಬೇಗ ಉಸಿರಾಡಿ, ಇನ್ನೂ ಬೇಗ ಮುದಿಯಾಗುತ್ತದೆ. ನಾನು ಈ ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಮದುವೆ ಮನೆಗೆ 40 ಮಾರು ಮಲ್ಲಿಗೆಯನ್ನು ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಸ್ಸಿಗೆ ಹಾಕಿದ್ದೆ. ಎರಡು ಗಂಟೆಯ ದಾರಿ. ಅಲ್ಲಿ ಗಂಟು ಬಿಚ್ಚಿದಾಗ ಬೇಯಿಸಿದ ಸೊಪ್ಪಿನ ವಾಸನೆ ಬಂತಂತೆ. ಅರ್ಧ ಹೂವು ಕಂದು ಬಣ್ಣ. ಹಣ ಹೋಗಲಿ, ಆ ಮನೆಯವರಿಗೆ ಮುಖ ತೋರಿಸಲು ನನಗೆ ವರ್ಷ ಹಿಡಿಯಿತು.

ಇನ್ನು ಫ್ರಿಜ್. ತಂಪು ಗಡಿಯಾರವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮಲ್ಲಿಗೆ ಬಿಸಿಲು ನಾಡಿನ ಗಿಡ. ಫ್ರೀಜರ್ ಡಬ್ಬದ ಕೆಳಗೆ, ಗೋಡೆಗೆ ತಾಗಿಸಿ ಇಟ್ಟರೆ ಮೊಗ್ಗು ಗಾಜಿನ ಹಾಗೆ ಆಗಿ, ಹೊರಗೆ ತೆಗೆದ ಮೇಲೆ ಬಿರಿಯದೆ ಕಂದುತ್ತದೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಇದೂ ಅದೇ ಬಗೆಯದು: ಒಳಗಿನ ಜೀವಕೋಶ ಒಡೆದು ಗಾಳಿ ತಾಗಿದರೆ ಕಂದು ಬಣ್ಣ ಬರುತ್ತದೆ. ತರಕಾರಿ ಇಡುವ ಕೆಳಗಿನ ಡಬ್ಬದಲ್ಲಿ, ಬಾಳೆಎಲೆಯಲ್ಲಿ ಸುತ್ತಿ ಇಟ್ಟರೆ ಪರವಾಗಿಲ್ಲ. ಆದರೆ ಅಲ್ಲಿ ಹಣ್ಣು ಇರಬಾರದು. ಹಣ್ಣಾಗುತ್ತಿರುವ ಬಾಳೆ, ಮಾವು, ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಕಾಯನ್ನು ಹಣ್ಣು ಮಾಡುವ ಅದೇ ಅನಿಲ ಹೂವನ್ನು ಮುದಿ ಮಾಡುತ್ತದೆ. ಪೂಜೆಯ ಸಾಮಾನೆಂದು ಹೂವನ್ನೂ ಬಾಳೆಹಣ್ಣನ್ನೂ ಒಂದೇ ಕವರಿಗೆ ಹಾಕಿ ಕಳಿಸುವವರು ಇದನ್ನು ನೆನಪಿಡಬೇಕು.

ನಿಮ್ಮ ಗಿರಾಕಿಯ ಫ್ರಿಜ್‌ನಲ್ಲಿ ಏನಾಯಿತೋ ಇಲ್ಲಿ ಕೂತು ಹೇಳಲಾರೆ. ಆದರೆ ಬೆವೆತ ಪ್ಲಾಸ್ಟಿಕ್ ಕವರಿನಲ್ಲೇ ಅದು ಒಳಗೆ ಹೋಗಿ, ಒದ್ದೆಯಾಗಿಯೇ ಹೊರಗೆ ಬಂದಿದ್ದರೆ ರಾತ್ರಿ 9ಕ್ಕೆ ಕಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಕವರು ನಿಮ್ಮದು, ಹೇಗೆ ಇಡಬೇಕೆಂಬ ಸೂಚನೆಯನ್ನೂ ನೀವು ಕೊಟ್ಟಿರಲಿಲ್ಲ. ಹಾಗಾಗಿ ತಪ್ಪಿನ ದೊಡ್ಡ ಪಾಲು ನಿಮ್ಮ ಕಡೆಗೇ ಬರುತ್ತದೆ.

ಇದಕ್ಕೆ ಪರಿಹಾರ ಹಳೆಯದೇ. ಬಾಳೆ ನಾರನ್ನು ನೆನೆಸಿ ಕಟ್ಟಿದ ಮಾಲೆ ನೂಲಿನಲ್ಲಿ ಕಟ್ಟಿದ್ದಕ್ಕಿಂತ ತಂಪಾಗಿರುತ್ತದೆ, ನಾರು ತಾನೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಉಡುಪಿ ಮಲ್ಲಿಗೆಯವರು ಇವತ್ತಿಗೂ ನಾರು ಮತ್ತು ಬಾಳೆಎಲೆ ಬಿಟ್ಟಿಲ್ಲ. ಮಾಲೆಯನ್ನು ಸಡಿಲವಾಗಿ ಸುರುಳಿ ಸುತ್ತಿ, ಎಲೆಯಲ್ಲಿ ಮಡಚಿ, ಪಕ್ಕದಲ್ಲಿ ನಾಲ್ಕು ತೂತು ಮಾಡಿದ ರಟ್ಟಿನ ಡಬ್ಬಕ್ಕೆ ಹಾಕಿ. ತೇವ ಬೇಕೆನಿಸಿದರೆ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಎಲೆಯ ಹೊರಗೆ ಸುತ್ತಿ. ಹೂವಿಗೆ ನೇರ ನೀರು ತಾಗುವುದು ಬೇಡ.

ಈಗ ಆರ್ಡರ್ ನಿಲ್ಲಿಸುವ ಸಮಯ. ತುಂಬ ಜನ ಇದನ್ನು ಅಂದಾಜಿಗೆ ಇಡುತ್ತಾರೆ, ಇಲ್ಲವೇ ಪಕ್ಕದವರನ್ನು ನೋಡಿ ಇಡುತ್ತಾರೆ. ಇದು ಲೆಕ್ಕ ಹಾಕಿ ಇಡಬೇಕಾದ್ದು. ಅದಕ್ಕೆ ಬೇಕಾದ್ದು ನಿಮ್ಮ ಕೈಗಳ ವೇಗ ಮತ್ತು ಹೂವು ಬಿರಿಯುವ ಹೊತ್ತು, ಅಷ್ಟೇ.

ಮೊಗ್ಗು ಮನೆಗೆ ಬಂದು, ಹರಡಿ, ಆರಿಸಿ ಮುಗಿಯುವಷ್ಟರಲ್ಲಿ 7 ಆಗುತ್ತದೆ ಎಂದುಕೊಳ್ಳಿ. 10ಕ್ಕೆ ಕಟ್ಟುವುದು ನಿಲ್ಲಬೇಕು, ಬಿಸಿಲೇರಿದ ಮೇಲೆ ಕೈಯಲ್ಲಿ ಹಿಡಿದಷ್ಟೂ ಮೊಗ್ಗು ಮೆತ್ತಗಾಗುತ್ತದೆ. ಇಬ್ಬರು, 3 ಗಂಟೆ, ಗಂಟೆಗೆ ತಲಾ 3 ಮಾರು. ಒಟ್ಟು 18 ಮಾರು. ಮೂರನೆಯ ಗಂಟೆಗೆ ಬೆರಳು ಸೋಲುತ್ತದೆ, ಮಧ್ಯೆ ಯಾರಾದರೂ ಬಾಗಿಲು ಬಡಿಯುತ್ತಾರೆ, ಒಂದು ಮಾರು ಸರಿ ಬರುವುದಿಲ್ಲ. ಹಾಗಾಗಿ 15 ಮಾರನ್ನು ಮಾತ್ರ ಮಾರಾಟಕ್ಕಿಡಿ. ಅಂದರೆ 60 ಮೊಳ. ಅದೇ ನಿಮ್ಮ ಅದೇ-ದಿನದ ಮಿತಿ. ಎಷ್ಟೇ ಆರ್ಡರ್ ಬಂದರೂ 61ನೆಯ ಮೊಳಕ್ಕೆ ‘ಇವತ್ತಿನದು ಮುಗಿಯಿತು’ ಎಂದು ಪುಟ ತಾನೇ ಹೇಳಬೇಕು. ಹಬ್ಬದ ದಿನ ಇದನ್ನು ಮೀರಿ ಒಪ್ಪಿಕೊಂಡು, ಮಧ್ಯಾಹ್ನ ಮಾರುಕಟ್ಟೆಗೆ ಓಡಿ, ಯಾರೋ ಕಟ್ಟಿಟ್ಟ ಮಾಲೆಯನ್ನು ನಿಮ್ಮ ಡಬ್ಬಕ್ಕೆ ಹಾಕುವ ಆಸೆ ಬರುತ್ತದೆ. ಆ ಮಾಲೆಯ ಮೊಗ್ಗು ಯಾವಾಗ ಕಿತ್ತದ್ದು ಎಂದು ನಿಮಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಹೂವಿಗೆ ಯಾವ ಮಾತನ್ನೂ ಕೊಡಬೇಡಿ.

ಈ 60ರಲ್ಲಿ 48 ಮೊಳವನ್ನು ಹಿಂದಿನ ರಾತ್ರಿ 9ರೊಳಗೆ ಬರುವ ಆರ್ಡರ್‌ಗೆ ಇಡಿ. ಬೆಳಿಗ್ಗೆ ಎಷ್ಟು ಮೊಗ್ಗು ಕೊಳ್ಳಬೇಕೆಂದು ನಿಮಗೆ ಮುಂಚೆಯೇ ಗೊತ್ತಾಗುತ್ತದೆ. ಉಳಿದ 12 ಮೊಳ ಅದೇ ದಿನ ನೆನಪಾಗಿ ಕೇಳುವವರಿಗೆ. ಅವರಿಗೆ ಮಧ್ಯಾಹ್ನ 1ಕ್ಕೆ ಬಾಗಿಲು ಮುಚ್ಚಿ.

1 ಗಂಟೆ ಯಾಕೆ? ಹಿಂದಿನಿಂದ ಲೆಕ್ಕ ಹಾಕಿ. ಸಂಜೆ 7ರ ಸಮಾರಂಭಕ್ಕೆ ಹೆಂಗಸರು 5ಕ್ಕೇ ತಲೆ ಬಾಚಿಕೊಳ್ಳಲು ಕೂರುತ್ತಾರೆ. ಮಾಲೆ ಅಷ್ಟರೊಳಗೆ ಕೈಯಲ್ಲಿರಬೇಕು. ಹಾಗಾದರೆ ಸಂಜೆಯ ಸುತ್ತು 3ರಿಂದ 4:30. ಡಬ್ಬ ತುಂಬಿ, ವಿಳಾಸ ಬರೆದು, ದಾರಿ ಜೋಡಿಸಲು ಒಂದೆರಡು ಗಂಟೆ. ಮಧ್ಯಾಹ್ನದ ಪೂಜೆಯವರಿಗೆ ಬೆಳಿಗ್ಗೆ 10:30ರಿಂದ 12ರ ಸುತ್ತು ಬೇರೆ ಇರಲಿ. ನಿಮ್ಮ ಮೊನ್ನೆಯ ಗಿರಾಕಿಗೆ ಹೂವು ಬೇಕಾಗಿದ್ದು ರಾತ್ರಿಗೆ, ನೀವು ಕೊಟ್ಟಿದ್ದು 11ಕ್ಕೆ. ಬೇಗ ಕೊಟ್ಟರೆ ಒಳ್ಳೆಯ ಸೇವೆ ಎನಿಸುತ್ತದೆ, ಆದರೆ ಮಲ್ಲಿಗೆಗೆ ಅದು ಅನ್ಯಾಯ. 10ರಿಂದ 3ರವರೆಗೆ ಆ ಮಾಲೆ ನಿಮ್ಮ ಮನೆಯ ನೆರಳಿನಲ್ಲಿ, ಒದ್ದೆ ಬಟ್ಟೆ ಹಾಸಿ ಎಲೆ ಹರಡಿದ ಬುಟ್ಟಿಯಲ್ಲಿದ್ದರೆ, ಗಿರಾಕಿಯ ಕಾರಿನ ಸೀಟಿನ ಮೇಲೆ ಇರುವುದಕ್ಕಿಂತ ಎಷ್ಟೋ ವಾಸಿ. ಆದ್ದರಿಂದ ಆರ್ಡರ್ ತೆಗೆದುಕೊಳ್ಳುವಾಗ ‘ಯಾವಾಗ ತಲುಪಿಸಲಿ’ ಎಂದು ಕೇಳಬೇಡಿ, ‘ಯಾವಾಗ ಮುಡಿಯುತ್ತೀರಿ’ ಅಥವಾ ‘ಪೂಜೆ ಎಷ್ಟು ಗಂಟೆಗೆ’ ಎಂದು ಕೇಳಿ.

ದೂರವನ್ನೂ ಕಿಲೋಮೀಟರಿನಲ್ಲಿ ಹೇಳಬೇಡಿ, ನಿಮಿಷದಲ್ಲಿ ಇಟ್ಟುಕೊಳ್ಳಿ. ಬೈಕಿನ ಹಿಂದಿನ ಕಪ್ಪು ಡಬ್ಬ ಬಿಸಿಲಿಗೆ ಒಲೆಯಾಗುತ್ತದೆ. ನನ್ನ ಮಟ್ಟಿಗೆ 45 ನಿಮಿಷ ಮೇಲ್ಮಿತಿ. ಒಂದು ಪರೀಕ್ಷೆ ಮಾಡಿ: ಒಂದು ಮೊಳವನ್ನು ಡಬ್ಬದಲ್ಲಿಟ್ಟು ಪೂರ್ತಿ ಸುತ್ತು ಬೈಕಿನಲ್ಲೇ ತಿರುಗಿಸಿ ವಾಪಸ್ ತರಿಸಿ, ಮನೆಯಲ್ಲೇ ಇದ್ದ ಇನ್ನೊಂದು ಮೊಳದ ಪಕ್ಕ ಇಡಿ. ರಾತ್ರಿ 9ಕ್ಕೆ ಎರಡೂ ಒಂದೇ ತರ ಬಿರಿದಿದ್ದರೆ ನಿಮ್ಮ ದಾರಿ ಸರಿ ಇದೆ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮಾಡಿ ನೋಡಿ, ಉತ್ತರ ಬೇರೆ ಬರಬಹುದು.

ಮಳೆಯಲ್ಲಿ ನೆನೆದ ಮೊಗ್ಗು ಬಂದ ದಿನ ಮಲ್ಲಿಗೆಯನ್ನು ಪುಟದಿಂದ ತೆಗೆದುಬಿಡಿ. ಅದನ್ನು ಯಾವ ಎಲೆಯೂ ಕಾಪಾಡುವುದಿಲ್ಲ.

ಕೊಳ್ಳುವಾಗಲೂ ಕಣ್ಣು ಬೇಕು. ಒಂದು ವಿಷಯದಲ್ಲಿ ಮಲ್ಲಿಗೆ ಪ್ರಾಮಾಣಿಕ ಹೂವು. ನಿನ್ನೆ ಬೆಳಿಗ್ಗೆ ಕಿತ್ತದ್ದು ನಿನ್ನೆ ರಾತ್ರಿಯೇ ಬಿರಿದಿರುತ್ತದೆ. ಹಾಗಾಗಿ ಇವತ್ತು 6ಕ್ಕೆ ಬಿಗಿ ಮೊಗ್ಗಾಗಿದ್ದರೆ ಬಹುಪಾಲು ಇವತ್ತಿನದೇ. ಮೋಸ ಆಗುವುದು ಮಂಜುಗಡ್ಡೆ ಪೆಟ್ಟಿಗೆಯಲ್ಲಿ ತಡೆದಿಟ್ಟ ಮೊಗ್ಗಿನಲ್ಲಿ. ಅದು ಮುಟ್ಟಿದರೆ ತಣ್ಣಗೆ, ಒದ್ದೆಯಾಗಿರುತ್ತದೆ. ತೊಟ್ಟಿನ ತುದಿ ಹಸಿರಿನ ಬದಲು ಕಂದಾಗಿರುತ್ತದೆ, ಎಸಳು ಬಿಳಿ ಹೋಗಿ ಪಾರದರ್ಶಕವಾಗಿ ಕಾಣುತ್ತದೆ. ಹತ್ತು ಮೊಗ್ಗು ತೆಗೆದು ಅಂಗೈಯಲ್ಲಿಟ್ಟು ಹಿಂದಿನಿಂದ ನೋಡಿ. ಮುಂದಿನಿಂದ ಎಲ್ಲ ಹೂವೂ ಚೆಂದ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮೈಸೂರಿನಲ್ಲಿ ಮಾರಿದ ಮಲ್ಲಿಗೆಯೆಲ್ಲ ‘ಮೈಸೂರು ಮಲ್ಲಿಗೆ’ ಅಲ್ಲ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಕೆ ಇದೆ, ಅಂದರೆ ಆ ಹೆಸರು ಆ ಊರಿನ ಬೆಳೆಗೆ ಸೇರಿದ್ದು. ಎಲ್ಲಿಂದ ಬಂತೆಂದು ನಿಮಗೆ ಖಚಿತವಿಲ್ಲದಿದ್ದರೆ ಸುಮ್ನೆ ‘ದುಂಡು ಮಲ್ಲಿಗೆ’ ಎಂದು ಬರೆಯಿರಿ. ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆಯಾಗಿ ದರ ಏರಿದಾಗ ಕಾಕಡ ಹಾಕಿ ಕೊಡುವವರಿದ್ದಾರೆ. ಕಾಕಡ ಕೆಟ್ಟದ್ದಲ್ಲ, ಬಣ್ಣ ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಮಲ್ಲಿಗೆಯ ಘಮ ಇಲ್ಲ. ಕೇಳಿ, ಒಪ್ಪಿಗೆ ಪಡೆದು ಹಾಕಿ.

ಇಷ್ಟು ಮಾಡಿದ ಮೇಲೆ ಪುಟದ ಬರಹ ತಾನೇ ಬರುತ್ತದೆ. ‘ತಾಜಾ’ ಎಂಬ ಪದಕ್ಕೆ ಅಳತೆ ಇಲ್ಲ, ಅದಕ್ಕೇ ಜಗಳ. ಕೈಗೆ ಕೊಡುವಾಗ ಹೂವು ಯಾವ ಸ್ಥಿತಿಯಲ್ಲಿರುತ್ತದೆ, ಆಮೇಲೆ ಏನಾಗುತ್ತದೆ ಎಂದು ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ದುಂಡು ಮಲ್ಲಿಗೆ ಮಾಲೆ, ಬಾಳೆ ನಾರಿನಲ್ಲಿ ಕಟ್ಟಿದ್ದು. 1 ಮೊಳ, ಅಂದರೆ 45 ಸೆಂ.ಮೀ. ಅಂದು ಬೆಳಿಗ್ಗೆ ಮಾರುಕಟ್ಟೆಗೆ ಬಂದ ಮೊಗ್ಗು. ನಿಮ್ಮ ಕೈಗೆ ಮೊಗ್ಗಾಗಿಯೇ ತಲುಪುತ್ತದೆ. ಸಂಜೆ ಬಿರಿಯುತ್ತದೆ, ಅಂದಿನ ರಾತ್ರಿಗೆ ಚೆನ್ನಾಗಿರುತ್ತದೆ. ಮಾರನೆಯ ದಿನ ಕಂದುತ್ತದೆ, ಅದು ಈ ಹೂವಿನ ಗುಣ. ಎಲೆಯಲ್ಲೇ ನೆರಳಿನಲ್ಲಿಡಿ. ನೀರು ಹಾಕಬೇಡಿ, ಹಣ್ಣಿನ ಜೊತೆ ಇಡಬೇಡಿ. ದಿನಕ್ಕೆ 60 ಮೊಳ ಮಾತ್ರ. ಹಿಂದಿನ ರಾತ್ರಿ 9ರೊಳಗೆ ಹೇಳಿದರೆ ಖಚಿತ. ಅದೇ ದಿನವಾದರೆ ಉಳಿದಿದ್ದರೆ ಮಾತ್ರ, ಮಧ್ಯಾಹ್ನ 1ರವರೆಗೆ. ಕೈಗೆ ಬಂದಾಗಲೇ ಕಂದಿದ್ದರೆ ಒಂದು ಗಂಟೆಯೊಳಗೆ ಫೋಟೊ ಕಳಿಸಿ, ಪೂರ್ತಿ ಹಣ ವಾಪಸ್. ಅಂದು ರಾತ್ರಿ ಬಿರಿಯದೆ ಕಂದಿದರೂ ತಿಳಿಸಿ, ನೋಡಿ ಸರಿಪಡಿಸುತ್ತೇವೆ.”

ಸೆಂಟಿಮೀಟರ್ ಯಾಕೆಂದರೆ ಮೊಳ ಕಟ್ಟುವವರ ಕೈಗೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ಮೊಳಕ್ಕೂ ನಿಮ್ಮ ಅತ್ತೆಯ ಮೊಳಕ್ಕೂ ಎರಡು ಬೆರಳು ವ್ಯತ್ಯಾಸ ಬಂದರೂ ಗಿರಾಕಿ ಎಣಿಸುತ್ತಾರೆ. ಕಾನೂನು ಕೂಡ ದರವನ್ನು ಮೆಟ್ರಿಕ್ ಅಳತೆಯಲ್ಲೇ ಹೇಳಬೇಕೆನ್ನುತ್ತದೆ. ಫೋಟೊ ಕೂಡ ಕೊಡುವ ಹೊತ್ತಿನ ಮೊಗ್ಗಿನದ್ದೇ ಇರಲಿ. ಪೂರ್ತಿ ಅರಳಿದ ಫೋಟೊ ಹಾಕಿ ಮೊಗ್ಗು ಕೊಟ್ಟರೆ, ‘ಇದೇನು ಇನ್ನೂ ಬಿರಿದೇ ಇಲ್ಲ’ ಎಂದು ಬೇರೆ ದೂರು ಬರುತ್ತದೆ.

ಎಲ್ಲ ಮಾಲೆಗೂ ಒಂದೇ ಮಾತು ಅಂಟಿಸಬೇಡಿ. ಸೇವಂತಿಗೆ, ಚೆಂಡು ಹೂವಿನ ಹಾರ ಎರಡು ಮೂರು ದಿನ ಆರಾಮಾಗಿ ಇರುತ್ತದೆ, ಅಲ್ಲಿ ಆರ್ಡರ್ ಸಮಯವನ್ನೂ ಸಡಿಲ ಬಿಡಬಹುದು. ಅದರ ಹಳತನ ತಿಳಿಯಲು ಹೂವನ್ನು ತಿರುಗಿಸಿ ಹಿಂಬದಿಯ ಎಸಳು ನೋಡಬೇಕು. ಕನಕಾಂಬರ ಹಗುರ, ವಾಸನೆ ಇಲ್ಲ, ಮಲ್ಲಿಗೆಗಿಂತ ಜಾಸ್ತಿ ತಾಳುತ್ತದೆ. ಗುಲಾಬಿ ಎಸಳು ಪೋಣಿಸಿದ ಹಾರ ಮಾತ್ರ ಮಲ್ಲಿಗೆಯಷ್ಟೇ ನಾಜೂಕು, ಸೂಜಿ ಚುಚ್ಚಿದ ಕಡೆಯಿಂದಲೇ ಕಪ್ಪಾಗುತ್ತಾ ಬರುತ್ತದೆ. ಅದನ್ನು ಮೊದಲೇ ಹೇಳದೆ ಅದೇ ದಿನದ ಆರ್ಡರ್‌ಗೆ ಒಪ್ಪಿಕೊಳ್ಳಬೇಡಿ.

‘ಹೂವು ವಾಪಸ್ ಇಲ್ಲ’ ಎಂಬ ಸಾಲು ನಿಮ್ಮನ್ನು ಕಾಯುವುದಿಲ್ಲ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸಾಮಾನು ದೋಷ ಇದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಅಥವಾ ಹೇಳಿದ ಸಮಯಕ್ಕಿಂತ ತಡವಾಗಿ ಬಂದರೆ, ಮಾರುವವರು ಹಣ ಕೊಡುವುದಿಲ್ಲ ಎನ್ನುವಂತಿಲ್ಲ. ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ಮನೆಯಿಂದ ಮಾರುತ್ತೇನೆ ಎಂಬ ಕಾರಣಕ್ಕೆ ನೀವು ಹೊರಗುಳಿಯುವುದಿಲ್ಲ, ದಿನವೂ ನಡೆಸುವ ವ್ಯಾಪಾರಕ್ಕೆ ಇದು ಅನ್ವಯಿಸುತ್ತದೆ. ಗಿರಾಕಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಹಾಗಂತ ಬಂದ ದೂರಿಗೆಲ್ಲ ಹಣ ಕೊಡುತ್ತಾ ಕೂರಬೇಕಿಲ್ಲ. ಪ್ರತಿ ದಿನದ ಕಟ್ಟಿನಿಂದ ಒಂದು ಮೊಳವನ್ನು ಗಿರಾಕಿಗೆ ಹೋಗುವ ಡಬ್ಬದಂಥದ್ದರಲ್ಲೇ ಇಟ್ಟುಕೊಳ್ಳಿ. ನಾವು ಅದನ್ನು ಸಾಕ್ಷಿ ಮೊಳ ಎನ್ನುತ್ತಿದ್ದೆವು. ಹದಿನೆಂಟರಲ್ಲಿ ಮೂರು ಮಾರು ಪಕ್ಕಕ್ಕಿಡಿ ಎಂದೆನಲ್ಲ, ಅದರಲ್ಲೇ ಇದು ಬರುತ್ತದೆ. ದೂರು ಬಂದಾಗ ಅದನ್ನು ತೆಗೆದು ನೋಡಿ. ಅದೂ ಕಂದಿದ್ದರೆ ಅಂದಿನ ಮೊಗ್ಗೇ ಸರಿ ಇರಲಿಲ್ಲ, ಉಳಿದ ಗಿರಾಕಿಗಳಿಗೂ ನೀವೇ ಫೋನ್ ಮಾಡಿ. ಅದು ಚೆನ್ನಾಗಿ ಬಿರಿದಿದ್ದರೆ ದಾರಿಯಲ್ಲೋ ಗಿರಾಕಿಯ ಮನೆಯಲ್ಲೋ ಏನೋ ಆಗಿದೆ, ಕೂತು ಮಾತಾಡಬಹುದು.

ಮೊನ್ನೆಯದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಮೊಳ ಇಲ್ಲ, ಪುಟದಲ್ಲಿ 24 ಗಂಟೆ ಎಂದು ನಿಮ್ಮದೇ ಬರಹ ಇದೆ, ಕವರೂ ನಿಮ್ಮದು. ಪೂರ್ತಿ ಹಣ ವಾಪಸ್ ಕೊಡಿ. ಕೊಡುವಾಗ ಫ್ರಿಜ್‌ನಲ್ಲಿ ಎಲ್ಲಿಟ್ಟಿದ್ದಿರಿ, ಕವರು ಬಿಚ್ಚಿದ್ದಿರಾ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅವರಿಗೆ ಎಲೆಯಲ್ಲಿ ಸುತ್ತಿದ ಮಾಲೆಯನ್ನು 4ಕ್ಕೆ ತಲುಪಿಸಿ, ರಾತ್ರಿ 9ಕ್ಕೆ ನೀವೇ ಒಂದು ಫೋಟೊ ಕೇಳಿ.